ಮೈನಸ್ ಎರಡರ ಗೆರೆ: ಮಗುವಿನ ಎತ್ತರದಿಂದ ಝೆಡ್ ಕೋಷ್ಟಕ ಓದುವುದು

ಸರಿಯಾಗಿ ಐದು ವರ್ಷ ತುಂಬಿದ ಹುಡುಗಿಯೊಬ್ಬಳ ಎತ್ತರ ಅಂಗನವಾಡಿಯಲ್ಲಿ ಅಳೆದಾಗ 103 ಸೆಂಟಿಮೀಟರ್ ಬಂತು ಎಂದುಕೊಳ್ಳಿ. ಆ ವಯಸ್ಸಿನ ಹುಡುಗಿಯರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಲ್ಲಿರುವ ಸರಾಸರಿ 109.4 ಸೆಂಟಿಮೀಟರ್. ಆರು ಸೆಂಟಿಮೀಟರಿಗಿಂತ ಹೆಚ್ಚು ಕಡಿಮೆ ಎಂದು ಕೇಳಿ ತಾಯಿ ಗಾಬರಿಯಾಗುತ್ತಾಳೆ. "ಓಣಿಯ ಮಕ್ಕಳೆಲ್ಲ ಇಷ್ಟೇ ಇದಾವೆ, ಸುಮ್ನಿರು" ಎಂದು ಅಜ್ಜಿ ಸಮಾಧಾನ ಹೇಳುತ್ತಾಳೆ. ಇಬ್ಬರ ಮಾತಿನಲ್ಲಿ ಯಾವುದು ಸರಿ ಎಂದು ತಿಳಿಯಬೇಕಾದರೆ ಬೇರೊಂದು ಪ್ರಶ್ನೆ ಕೇಳಬೇಕು. ಊಟ, ಆರೋಗ್ಯ ಯಾವುದಕ್ಕೂ ಕೊರತೆಯಿಲ್ಲದೆ ಬೆಳೆದ ಇದೇ ವಯಸ್ಸಿನ ನೂರು ಹುಡುಗಿಯರನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ಇವಳಿಗಿಂತ ಗಿಡ್ಡ ಇರುವವರು ಎಷ್ಟು ಮಂದಿ?

ಈ ಪ್ರಶ್ನೆಗೆ ಉತ್ತರ ಇರುವುದು ಸಂಖ್ಯಾಶಾಸ್ತ್ರದ ಪುಸ್ತಕಗಳ ಕೊನೆಯ ಪುಟಗಳಲ್ಲಿ, ನಾಲ್ಕು ದಶಮಾಂಶ ಸ್ಥಾನಗಳ ಅಂಕಿಗಳು ಒತ್ತೊತ್ತಾಗಿ ತುಂಬಿರುವ ಒಂದು ಕೋಷ್ಟಕದಲ್ಲಿ. ಅದರ ಹೆಸರು ಮಾನಕ ಪ್ರಸಾಮಾನ್ಯ ಕೋಷ್ಟಕ. ವಿದ್ಯಾರ್ಥಿಗಳ ಬಾಯಲ್ಲಿ ಅದು ಝೆಡ್ ಟೇಬಲ್. ಸರಾಸರಿಗಿಂತ ಮೇಲಿನ ಬೆಲೆಗಳಿಗೆ ಅದನ್ನು ಓದುವುದು ಬಹುತೇಕರಿಗೆ ಬರುತ್ತದೆ. ತೊಡಕಾಗುವುದು ಸರಾಸರಿಗಿಂತ ಕೆಳಗಿನ ಬೆಲೆಗಳಿಗೆ, ಅಂದರೆ ಮೈನಸ್ ಚಿಹ್ನೆ ಬಂದಾಗ. ಮಕ್ಕಳ ಬೆಳವಣಿಗೆಯ ಲೆಕ್ಕದಲ್ಲಿ ನಮಗೆ ಬೇಕಾದದ್ದು ಆ ಕೆಳಗಿನ ಭಾಗವೇ.

ಅಳತೆಗೋಲು ಎಲ್ಲಿಂದ ಬಂತು

ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಆರು ದೇಶಗಳಲ್ಲಿ ಸುಮಾರು 8,500 ಮಕ್ಕಳನ್ನು ಅಳೆಯಿತು. ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕದ ಜೊತೆಗೆ ಭಾರತವೂ ಅದರಲ್ಲಿತ್ತು. ನಮ್ಮ ಕಡೆಯಿಂದ ದಕ್ಷಿಣ ದೆಹಲಿಯ ಮಕ್ಕಳನ್ನು ಆರಿಸಿದ್ದರು. ಎದೆಹಾಲು ಕುಡಿದ, ತಾಯಂದಿರು ಧೂಮಪಾನ ಮಾಡದ, ಬೆಳವಣಿಗೆಗೆ ಬಡತನ ಅಡ್ಡಿಯಾಗದ ಮನೆಗಳ ಮಕ್ಕಳನ್ನಷ್ಟೇ ಪರಿಗಣಿಸಿದ ಕಾರಣ, 2006ರಲ್ಲಿ ಪ್ರಕಟವಾದ ಮಾನದಂಡ ಮಕ್ಕಳು ಹೇಗೆ ಬೆಳೆಯಬಲ್ಲರು ಎಂಬುದನ್ನು ತೋರಿಸುತ್ತದೆ. ಅನುಕೂಲ ಸಿಕ್ಕರೆ ಈ ಆರೂ ದೇಶಗಳ ಪುಟ್ಟ ಮಕ್ಕಳು ಹೆಚ್ಚುಕಡಿಮೆ ಒಂದೇ ರೀತಿ ಎತ್ತರ ಬೆಳೆಯುತ್ತಾರೆ ಎಂಬುದು ಆ ಅಧ್ಯಯನದ ಮುಖ್ಯ ಫಲಿತಾಂಶ.

ಐದು ವರ್ಷದ ಹುಡುಗಿಯರಿಗೆ ಆ ಮಾನದಂಡ ಎರಡು ಅಂಕಿ ಕೊಡುತ್ತದೆ. ಒಂದು ಸರಾಸರಿ, 109.4 ಸೆಂಟಿಮೀಟರ್. ಇನ್ನೊಂದು ಮಾನಕ ವಿಚಲನೆ, ಸುಮಾರು 4.75 ಸೆಂಟಿಮೀಟರ್. ಸರಾಸರಿಯ ಆಚೀಚೆ ಎತ್ತರಗಳು ಎಷ್ಟು ಹರಡಿಕೊಂಡಿವೆ ಎನ್ನುವುದರ ಅಳತೆ ಮಾನಕ ವಿಚಲನೆ. ಎತ್ತರಗಳನ್ನು ಗ್ರಾಫಿನಲ್ಲಿ ಗುರುತಿಸಿದರೆ ನಡುವೆ ಉಬ್ಬಿ ಎರಡೂ ಕಡೆ ಸಮನಾಗಿ ಇಳಿಯುವ ಗಂಟೆಯಾಕಾರದ ರೇಖೆ ಬರುತ್ತದೆ. ಇದೇ ಪ್ರಸಾಮಾನ್ಯ ವಿತರಣೆ.

ಮಗುವಿನ ಎತ್ತರದಿಂದ ಸರಾಸರಿಯನ್ನು ಕಳೆದು ಮಾನಕ ವಿಚಲನೆಯಿಂದ ಭಾಗಿಸಿದರೆ ಝೆಡ್ ಬೆಲೆ ಸಿಗುತ್ತದೆ. ನಮ್ಮ ಹುಡುಗಿಗೆ ಲೆಕ್ಕ ಹೀಗೆ:

(103 − 109.4) ÷ 4.75 = −6.4 ÷ 4.75 = −1.35

ಮೈನಸ್ ಎಂದರೆ ಸರಾಸರಿಗಿಂತ ಕೆಳಗೆ, ಅಷ್ಟೇ ಅರ್ಥ. 1.35 ಎಂದರೆ ಒಂದೂಕಾಲು ಮಾನಕ ವಿಚಲನೆಗಿಂತ ತುಸು ಹೆಚ್ಚಿನ ದೂರ. ಸೆಂಟಿಮೀಟರು ಇಲ್ಲಿಗೆ ಬಿಟ್ಟುಹೋಯಿತು. ವಯಸ್ಸು ಬೇರೆಯಾದರೂ, ಹುಡುಗನಾದರೂ ಹುಡುಗಿಯಾದರೂ, ಈ ಹಂತಕ್ಕೆ ಬಂದ ಮೇಲೆ ಎಲ್ಲರಿಗೂ ಒಂದೇ ಕೋಷ್ಟಕ ಸಾಕು.

ಸಾಲು, ಕಂಬ, ಮತ್ತು ಇಲ್ಲದ ಅರ್ಧ

ಕೋಷ್ಟಕ ಬೇಕಾದದ್ದೇಕೆ? ಗಂಟೆಯಾಕಾರದ ರೇಖೆಯ ಕೆಳಗೆ ಒಂದು ಬಿಂದುವಿನವರೆಗೆ ಇರುವ ಕ್ಷೇತ್ರಫಲವೇ ನಮಗೆ ಬೇಕಾದ ಸಂಭವನೀಯತೆ. ಅದನ್ನು ಕಂಡುಹಿಡಿಯಲು ಸರಳವಾದ ಬೀಜಗಣಿತದ ಸೂತ್ರ ಇಲ್ಲ. ಸಣ್ಣ ಸಣ್ಣ ಪಟ್ಟಿಗಳ ಕ್ಷೇತ್ರಫಲ ಕೂಡಿಸಿ ಲೆಕ್ಕ ಹಾಕಬೇಕು. ಆ ಶ್ರಮವನ್ನು ಒಮ್ಮೆ ಪಟ್ಟು ಎಲ್ಲರಿಗೂ ಸಿಗುವಂತೆ ಅಚ್ಚು ಹಾಕಿದವರಲ್ಲಿ ಬ್ರಿಟನ್ನಿನ ಡಬ್ಲ್ಯು. ಎಫ್. ಶೆಪರ್ಡ್ ಒಬ್ಬರು. ಅವರ ಕೋಷ್ಟಕ 1903ರಲ್ಲಿ 'ಬಯೋಮೆಟ್ರಿಕಾ' ಪತ್ರಿಕೆಯಲ್ಲಿ ಬಂತು.

ಇಂದಿನ ಪುಸ್ತಕಗಳಲ್ಲಿ ಕಾಣುವ ಒಂದು ಕೋಷ್ಟಕದ ತುಣುಕು ಇಲ್ಲಿದೆ:

| ಝೆಡ್ | 0.03 | 0.04 | 0.05 | 0.06 |
|---|---|---|---|---|
| 1.2 | 0.8907 | 0.8925 | 0.8944 | 0.8962 |
| 1.3 | 0.9082 | 0.9099 | 0.9115 | 0.9131 |
| 1.4 | 0.9236 | 0.9251 | 0.9265 | 0.9279 |

ಎಡಗಡೆಯ ಅಂಚಿನಲ್ಲಿ ಝೆಡ್ ಬೆಲೆಯ ಮೊದಲ ದಶಮಾಂಶದವರೆಗಿನ ಭಾಗವಿದೆ. ಎರಡನೆಯ ದಶಮಾಂಶ ಸ್ಥಾನ ಮೇಲಿನ ಅಂಚಿನಲ್ಲಿದೆ. 1.35 ಬೇಕಾದರೆ 1.3ರ ಸಾಲು ಹಿಡಿದು 0.05ರ ಕಂಬದವರೆಗೆ ಬನ್ನಿ. ಸಿಗುವುದು 0.9115. ಪ್ಲಸ್ 1.35ರ ಎಡಕ್ಕೆ, ಅಂದರೆ ಅದಕ್ಕಿಂತ ಕಡಿಮೆ ಎತ್ತರದವರ ಪಾಲು ನೂರಕ್ಕೆ 91.15 ಎಂದು ಇದರ ಅರ್ಥ.

ಆದರೆ ನಮಗೆ ಬೇಕಿರುವುದು ಮೈನಸ್ 1.35. ಅನೇಕ ಪುಸ್ತಕಗಳಲ್ಲಿ ಮೈನಸ್ ಸಾಲುಗಳೇ ಇರುವುದಿಲ್ಲ. ಅದು ಅಚ್ಚಿನ ದೋಷವಲ್ಲ, ಬೇಡವೆಂದೇ ಬಿಟ್ಟದ್ದು. ರೇಖೆಯನ್ನು ಬರೆದ ಹಾಳೆಯನ್ನು ಸರಾಸರಿಯ ಗೆರೆಯ ಮೇಲೆ ಮಡಿಸಿದರೆ ಎಡ ಅರ್ಧ ಬಲ ಅರ್ಧದ ಮೇಲೆ ಸರಿಯಾಗಿ ಕೂರುತ್ತದೆ. ಹಾಗಾಗಿ ಮೈನಸ್ 1.35ರ ಎಡಕ್ಕೆ ಎಷ್ಟು ಜಾಗ ಇದೆಯೋ ಪ್ಲಸ್ 1.35ರ ಬಲಕ್ಕೂ ಅಷ್ಟೇ ಇರುತ್ತದೆ. ಒಟ್ಟು ಜಾಗ 1. ಪ್ಲಸ್ 1.35ರ ಎಡಕ್ಕೆ 0.9115 ಇದ್ದರೆ ಬಲಕ್ಕೆ ಉಳಿಯುವುದು 1 − 0.9115 = 0.0885. ಇದೇ ಉತ್ತರ. ಚೆನ್ನಾಗಿ ಬೆಳೆದ ನೂರು ಹುಡುಗಿಯರಲ್ಲಿ ಸುಮಾರು ಒಂಬತ್ತು ಮಂದಿ ಈ ಹುಡುಗಿಗಿಂತ ಗಿಡ್ಡ ಇರುತ್ತಾರೆ, ತೊಂಬತ್ತೊಂದು ಮಂದಿ ಅವಳಿಗಿಂತ ಎತ್ತರ ಇರುತ್ತಾರೆ. ಅವಳು ಸುಮಾರು ಒಂಬತ್ತನೆಯ ಪರ್ಸೆಂಟೈಲಿನಲ್ಲಿದ್ದಾಳೆ ಎಂದು ಹೇಳುವುದೂ ಇದನ್ನೇ.

ಮೈನಸ್ ಚಿಹ್ನೆಯನ್ನು ಮರೆತು 0.9115 ಎಂದೇ ಬರೆದುಬಿಡುವುದು ಪರೀಕ್ಷೆಗಳಲ್ಲಿ ಕಾಣುವ ಸಾಮಾನ್ಯ ತಪ್ಪು. ಅದನ್ನು ಹಿಡಿಯಲು ಲೆಕ್ಕವೇ ಬೇಡ. ಸರಾಸರಿಯ ಎಡಕ್ಕೆ ಸರಿಯಾಗಿ ಅರ್ಧ, ಅಂದರೆ 0.5 ಇದೆ. ಸರಾಸರಿಗಿಂತ ಗಿಡ್ಡ ಇರುವ ಹುಡುಗಿಯ ಕೆಳಗೆ ಅರ್ಧಕ್ಕಿಂತ ಹೆಚ್ಚು ಮಂದಿ ಇರಲು ಸಾಧ್ಯವೇ ಇಲ್ಲ. ಉತ್ತರ 0.5 ದಾಟಿದರೆ ಎಲ್ಲೋ ಚಿಹ್ನೆ ಕೈಬಿಟ್ಟಿದೆ ಎಂದೇ ತಿಳಿಯಿರಿ. ಕೋಷ್ಟಕ ತೆರೆಯುವ ಮೊದಲೇ ಒಂದು ಗಂಟೆಯಾಕಾರ ಗೀಚಿ, ಬೇಕಾದ ಭಾಗಕ್ಕೆ ಗೆರೆ ಹಾಕಿ ತುಂಬಿಸಿದರೆ ಈ ತಪ್ಪು ಆಗುವುದಿಲ್ಲ.

ಕೆಲವು ಪುಸ್ತಕಗಳಲ್ಲಿ ಮೈನಸ್ ಸಾಲುಗಳನ್ನೂ ಕೊಟ್ಟಿರುತ್ತಾರೆ. ಅಲ್ಲಿ ಇನ್ನೊಂದು ಗೊಂದಲ ಕಾದಿರುತ್ತದೆ. −1.3ರ ಸಾಲಿನಲ್ಲಿ 0.05ರ ಕಂಬಕ್ಕೆ ಬಂದರೆ ಅದು −1.35, −1.25 ಅಲ್ಲ. ಕಂಬದ ಅಂಕಿ ಸೊನ್ನೆಯಿಂದ ಇನ್ನೂ ದೂರಕ್ಕೆ ಒಯ್ಯುತ್ತದೆ. −1.25 ಎಂದು ತಿಳಿದರೆ 0.1056 ಬರಬೇಕಿತ್ತು, ಕೋಷ್ಟಕದಲ್ಲಿ 0.0885 ಇದೆಯಲ್ಲ ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಕೈಯಲ್ಲಿರುವುದು ಯಾವ ಕೋಷ್ಟಕ?

ಎಲ್ಲ ಪುಸ್ತಕಗಳೂ ಒಂದೇ ಬಗೆಯ ಕೋಷ್ಟಕ ಕೊಡುವುದಿಲ್ಲ. ಒಂದೇ 1.35ಕ್ಕೆ ಒಂದು ಪುಸ್ತಕದಲ್ಲಿ 0.9115, ಇನ್ನೊಂದರಲ್ಲಿ 0.4115, ಮತ್ತೊಂದರಲ್ಲಿ 0.0885 ಎಂದಿರಬಹುದು. ಮೂರೂ ಸರಿಯೇ. ಮೊದಲನೆಯದು ಎಡ ತುದಿಯಿಂದ ಎಣಿಸಿದ್ದು, ಎರಡನೆಯದು ಸರಾಸರಿಯಿಂದ ಎಣಿಸಿದ್ದು, ಮೂರನೆಯದು ಆ ಬಿಂದುವಿನಿಂದ ಬಲ ತುದಿಯವರೆಗಿನದು.

ಯಾವುದು ಎಂದು ತಿಳಿಯಲು ಸೊನ್ನೆಯ ಸಾಲಿನ ಮೊದಲ ಅಂಕಿ ನೋಡಿದರೆ ಸಾಕು. ಅಲ್ಲಿ 0.0000 ಇದ್ದರೆ ಸರಾಸರಿಯಿಂದ ಎಣಿಸಿದ ಕೋಷ್ಟಕ. 0.5000 ಇದ್ದು ಮುಂದೆ ಏರುತ್ತ ಹೋದರೆ ಎಡದಿಂದ ಎಣಿಸಿದ್ದು, ಇಳಿಯುತ್ತ ಹೋದರೆ ಬಲ ತುದಿಯದು. ನಮ್ಮ ಹುಡುಗಿಯ ಲೆಕ್ಕಕ್ಕೆ ಸರಾಸರಿಯಿಂದ ಎಣಿಸಿದ ಕೋಷ್ಟಕವಿದ್ದರೆ 0.5 − 0.4115 ಎಂದು ಕಳೆಯಬೇಕು. ಬಲ ತುದಿಯ ಕೋಷ್ಟಕವಿದ್ದರೆ ಕಳೆಯುವುದೇ ಬೇಡ, 0.0885 ನೇರವಾಗಿ ಸಿಗುತ್ತದೆ. ಬೇರೊಂದು ಪುಸ್ತಕದಲ್ಲಿ ಕಲಿತ 'ಒಂದರಿಂದ ಕಳೆ' ಎಂಬ ಸೂತ್ರವನ್ನು ಇಲ್ಲಿ ಕಣ್ಣುಮುಚ್ಚಿ ಹಾಕಿದರೆ ಉತ್ತರ ತಲೆಕೆಳಗಾಗುತ್ತದೆ.

ಹಿಂದುಮುಂದಾಗಿ ಓದುವುದು

ಇಲ್ಲಿಯವರೆಗೆ ಎತ್ತರದಿಂದ ಪಾಲಿಗೆ ಬಂದೆವು. ಕೆಲವೊಮ್ಮೆ ಪಾಲಿನಿಂದ ಎತ್ತರಕ್ಕೆ ಹೋಗಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪರ್ಸೆಂಟೈಲ್ ಚಾರ್ಟುಗಳಲ್ಲಿ 3, 15, 50, 85, 97 ಎಂಬ ಐದು ಗೆರೆಗಳಿರುತ್ತವೆ. ಐದು ವರ್ಷದ ಹುಡುಗಿಯರಿಗೆ ಮೂರನೆಯ ಪರ್ಸೆಂಟೈಲಿನ ಗೆರೆ ಎಷ್ಟು ಸೆಂಟಿಮೀಟರಿಗೆ ಬರುತ್ತದೆ?

ಈಗ ಕೋಷ್ಟಕವನ್ನು ಒಳಗಿನಿಂದ ಹೊರಗೆ ಓದಬೇಕು. ನೂರಕ್ಕೆ ಮೂರು ಎಂದರೆ 0.03. ಅದು ಪಾಲು, ಝೆಡ್ ಅಲ್ಲ. ಆದ್ದರಿಂದ ಅಂಚಿನಲ್ಲಿ ಹುಡುಕಬಾರದು. ಅಂಚಿನಲ್ಲಿ 0.03 ಹಿಡಿದು ಒಳಗೆ ಹೋದರೆ 0.5120 ಸಿಗುತ್ತದೆ, ಅದಕ್ಕೂ ನಮ್ಮ ಪ್ರಶ್ನೆಗೂ ಸಂಬಂಧವಿಲ್ಲ. ಕೋಷ್ಟಕದ ಒಳಗಿನ ಅಂಕಿಗಳಲ್ಲೇ ಹುಡುಕಬೇಕು. ನಮ್ಮ ಬಳಿ ಇರುವುದು ಪ್ಲಸ್ ಅರ್ಧ ಮಾತ್ರ, ಅಲ್ಲಿ 0.5ಕ್ಕಿಂತ ಚಿಕ್ಕ ಅಂಕಿಯೇ ಇಲ್ಲ. ಹಾಗಾಗಿ ಕನ್ನಡಿಯ ಆ ಕಡೆಯ ಪಾಲು, ಅಂದರೆ 1 − 0.03 = 0.97 ಎಲ್ಲಿದೆ ನೋಡಬೇಕು. 1.88ಕ್ಕೆ 0.9699 ಇದೆ, 1.89ಕ್ಕೆ 0.9706 ಇದೆ. ಹತ್ತಿರದ್ದು 1.88. ನಮಗೆ ಬೇಕಾದದ್ದು ಕೆಳಗಿನ ಮೂರು ಪ್ರತಿಶತ ಆದ್ದರಿಂದ ಮೈನಸ್ ಹಚ್ಚಬೇಕು: −1.88.

ಇನ್ನು ಝೆಡ್ ಬೆಲೆಯನ್ನು ಮತ್ತೆ ಸೆಂಟಿಮೀಟರಿಗೆ ತರುವುದು. ಮಾನಕ ವಿಚಲನೆಯಿಂದ ಗುಣಿಸಿ ಸರಾಸರಿಗೆ ಕೂಡಿಸಬೇಕು. ಝೆಡ್ ಮೈನಸ್ ಇರುವುದರಿಂದ ಕೂಡಿಸುವುದು ಕಳೆಯುವುದಾಗುತ್ತದೆ:

109.4 − (1.88 × 4.75) = 109.4 − 8.93 = 100.47

ಸುಮಾರು 100.5 ಸೆಂಟಿಮೀಟರ್. ಇಲ್ಲೂ ಒಂದು ಸುಲಭದ ಪರೀಕ್ಷೆ ಇದೆ. 50ಕ್ಕಿಂತ ಕೆಳಗಿನ ಪರ್ಸೆಂಟೈಲಿಗೆ ಸರಾಸರಿಗಿಂತ ಕಡಿಮೆ ಎತ್ತರವೇ ಬರಬೇಕು. ಮೈನಸ್ ಮರೆತವರಿಗೆ 118.3 ಬರುತ್ತದೆ. ಅದು ಮೂರನೆಯದಲ್ಲ, 97ನೆಯ ಪರ್ಸೆಂಟೈಲಿನ ಗೆರೆ.

ಎರಡರ ಗೆರೆ ಏನು ಹೇಳುತ್ತದೆ

ವಯಸ್ಸಿಗೆ ತಕ್ಕ ಎತ್ತರದ ಝೆಡ್ ಬೆಲೆ −2ಕ್ಕಿಂತ ಕೆಳಗಿದ್ದರೆ ಅದನ್ನು ಕುಂಠಿತ ಬೆಳವಣಿಗೆ ಎನ್ನುತ್ತಾರೆ, −3ಕ್ಕಿಂತ ಕೆಳಗಿದ್ದರೆ ತೀವ್ರ ಕುಂಠಿತ. ಐದು ವರ್ಷದ ಹುಡುಗಿಯರಿಗೆ −2ರ ಗೆರೆ 99.9 ಸೆಂಟಿಮೀಟರಿನಲ್ಲಿದೆ. ನಮ್ಮ ಹುಡುಗಿ 103 ಇರುವುದರಿಂದ ಗೆರೆಯ ಮೇಲಿದ್ದಾಳೆ. ಕೋಷ್ಟಕದಲ್ಲಿ 2.00ಕ್ಕೆ 0.9772 ಇದೆ, ಹಾಗಾಗಿ −2ರ ಕೆಳಗೆ 0.0228. ಚೆನ್ನಾಗಿ ಬೆಳೆದ ಮಕ್ಕಳಲ್ಲೂ ನೂರಕ್ಕೆ ಎರಡು ಚಿಲ್ಲರೆ ಮಂದಿ ಈ ಗೆರೆಯ ಕೆಳಗೆ ಇದ್ದೇ ಇರುತ್ತಾರೆ. ಹುಟ್ಟಿನಿಂದಲೇ ಗಿಡ್ಡ ಮೈಕಟ್ಟಿನ, ಆರೋಗ್ಯವಂತ ಮಕ್ಕಳು ಅವರು. ಆದ್ದರಿಂದ ಒಂದು ಮಗು ಗೆರೆಯ ಕೆಳಗಿದೆ ಎಂದಾಕ್ಷಣ ರೋಗ ಎಂದು ತೀರ್ಮಾನಿಸಲಾಗದು. ಗಮನಿಸಬೇಕು ಎಂಬುದಷ್ಟೇ ಅದರ ಸೂಚನೆ.

ಊರಿಗೆ, ರಾಜ್ಯಕ್ಕೆ ಇದೇ ಗೆರೆ ಹಿಡಿದಾಗ ಮಾತು ಬೇರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.4 ಮಂದಿ −2ರ ಕೆಳಗಿದ್ದಾರೆ. ಇರಬೇಕಾದದ್ದು 2.28. ಹದಿನೈದು ಪಟ್ಟು ಹೆಚ್ಚು. ಇದನ್ನು ಗಿಡ್ಡ ಮೈಕಟ್ಟು ಎಂದು ತಳ್ಳಿಹಾಕಲು ಬರುವುದಿಲ್ಲ.

ಕೋಷ್ಟಕವನ್ನು ಇನ್ನೊಮ್ಮೆ ಹಿಂದುಮುಂದಾಗಿ ಓದಿದರೆ ಇನ್ನೂ ಒಂದು ಸಂಗತಿ ಹೊರಬೀಳುತ್ತದೆ. ನಮ್ಮ ಮಕ್ಕಳ ಎತ್ತರವೂ ಗಂಟೆಯಾಕಾರದಲ್ಲೇ, ಮಾನದಂಡದಷ್ಟೇ ಹರಡಿಕೊಂಡಿದೆ ಎಂದು ಸದ್ಯಕ್ಕೆ ಹಿಡಿಯೋಣ. ಎಡಕ್ಕೆ 0.354 ಇರುವ ಬಿಂದು ಯಾವುದು? ಸುಮಾರು −0.37. ಅಂದರೆ −2ರ ಗೆರೆ ನಮ್ಮ ಮಕ್ಕಳ ಸರಾಸರಿಯಿಂದ 0.37ರಷ್ಟೇ ಕೆಳಗಿದೆ. ಹಾಗಾದರೆ ನಮ್ಮ ಸರಾಸರಿ ಮಗು ನಿಂತಿರುವುದು −2 + 0.37 = −1.63ರಲ್ಲಿ. ಸಮೀಕ್ಷೆಗಳಲ್ಲಿ ಎತ್ತರಗಳ ಹರವು ಮಾನದಂಡಕ್ಕಿಂತ ಹೆಚ್ಚೇ ಇರುತ್ತದೆ, ಅಳತೆಯ ತಪ್ಪುಗಳೂ ಅದರಲ್ಲಿ ಸೇರಿರುತ್ತವೆ. ಹರವು ಒಂದೂವರೆ ಪಟ್ಟು ಎಂದು ಹಿಡಿದರೂ ಸರಾಸರಿ −1.44ರ ಹತ್ತಿರವೇ ಬರುತ್ತದೆ.

ಅಜ್ಜಿಯ ಮಾತಿಗೆ ಉತ್ತರ ಇಲ್ಲಿದೆ. −1.35ರಲ್ಲಿರುವ ಹುಡುಗಿ ನಮ್ಮ ರಾಜ್ಯದ ಸರಾಸರಿ ಮಗುವಿಗಿಂತ ತುಸು ಎತ್ತರವೇ. ಓಣಿಯ ಮಕ್ಕಳ ನಡುವೆ ಅವಳು ಗಿಡ್ಡ ಎಂದು ಯಾರಿಗೂ ಅನಿಸುವುದಿಲ್ಲ. ಕೊರತೆ ಗೆರೆಯ ಕೆಳಗಿನ ಕೆಲವು ಮಕ್ಕಳದ್ದು ಮಾತ್ರ ಅಲ್ಲ. ಇಡೀ ರೇಖೆಯೇ ಎಡಕ್ಕೆ ಸರಿದಿದೆ, ಗೆರೆಯ ಮೇಲಿರುವ ಬಹಳಷ್ಟು ಮಕ್ಕಳೂ ಬೆಳೆಯಬಹುದಾಗಿದ್ದಷ್ಟು ಬೆಳೆದಿಲ್ಲ.

ಎಲ್ಲಿ ನಂಬಬಾರದು

ಎತ್ತರಕ್ಕೆ ನಾವು ಮಾಡಿದ ಲೆಕ್ಕವನ್ನು ತೂಕಕ್ಕೆ ಹಾಗೆಯೇ ಮಾಡಿದರೆ ತಪ್ಪಾಗುತ್ತದೆ. ಐದು ವರ್ಷದ ಹುಡುಗಿಯರ ತೂಕದ ಮಧ್ಯಾಂಕ 18.2 ಕಿಲೋ. ಮಾನದಂಡದಲ್ಲಿ −2ರ ಗೆರೆ 13.7 ಕಿಲೋಗೆ ಬರುತ್ತದೆ, +2ರ ಗೆರೆ 24.9ಕ್ಕೆ. ಕೆಳಗೆ 4.5 ಕಿಲೋ ದೂರ, ಮೇಲೆ 6.7 ಕಿಲೋ ದೂರ. ಎರಡು ಕಡೆ ಸಮನಾಗಿಲ್ಲ, ಮಡಿಸಿದರೆ ಒಂದರ ಮೇಲೊಂದು ಕೂರುವುದಿಲ್ಲ. ಅದಕ್ಕೇ ತೂಕಕ್ಕೆ ಸಂಸ್ಥೆ ಮೊದಲು ಈ ಓರೆಯನ್ನು ಗಣಿತದಿಂದ ನೇರ ಮಾಡಿ, ಆಮೇಲೆ ಝೆಡ್ ಬೆಲೆ ಕೊಡುತ್ತದೆ. ತೂಕದ ಝೆಡ್ ಬೇಕಾದರೆ ಅವರ ಚಾರ್ಟನ್ನೇ ನೋಡಬೇಕು.

ಇನ್ನೊಂದು ಎಚ್ಚರಿಕೆ ಅಳತೆಯದ್ದು. ಮಾನಕ ವಿಚಲನೆ 4.75 ಇರುವಾಗ ಒಂದು ಸೆಂಟಿಮೀಟರ್ ಹೆಚ್ಚುಕಡಿಮೆಯಾದರೆ ಝೆಡ್ 0.21ರಷ್ಟು ಸರಿಯುತ್ತದೆ. ಹಿಮ್ಮಡಿ ಎತ್ತಿ ನಿಂತರೆ, ಎತ್ತಿ ಕಟ್ಟಿದ ಜುಟ್ಟಿನ ಮೇಲೆ ಅಳತೆಪಟ್ಟಿ ಕೂತರೆ, −2.1ರ ಮಗು −1.9 ಆಗಿ ಗೆರೆ ದಾಟಿಬಿಡುತ್ತದೆ. ವಯಸ್ಸಿನ ತಪ್ಪು ಇದಕ್ಕಿಂತ ದೊಡ್ಡದು. ನಾಲ್ಕು ವರ್ಷದ ಹುಡುಗಿಯರ ಸರಾಸರಿ ಎತ್ತರ 102.7, ಐದು ವರ್ಷಕ್ಕೆ 109.4. ಅಂದರೆ ವರ್ಷಕ್ಕೆ 6.7 ಸೆಂಟಿಮೀಟರ್. ಶಾಲೆಗೆ ಸೇರಿಸಲು ಹುಟ್ಟಿದ ದಿನವನ್ನು ಆರು ತಿಂಗಳು ಹಿಂದೆ ಹಾಕಿಸಿದ್ದರೆ, ಮಗುವಿನ ಝೆಡ್ ಬೆಲೆ ಕಾಗದದ ಮೇಲೆ ಸುಮಾರು 0.7ರಷ್ಟು ಕೆಳಗೆ ಬೀಳುತ್ತದೆ. ಎರಡು ವರ್ಷದೊಳಗಿನ ಮಕ್ಕಳನ್ನು ಮಲಗಿಸಿ ಅಳೆಯಬೇಕು, ಅದಕ್ಕಿಂತ ದೊಡ್ಡವರನ್ನು ನಿಲ್ಲಿಸಿ. ಮಲಗಿಸಿದ ಅಳತೆ ಸರಾಸರಿ 0.7 ಸೆಂಟಿಮೀಟರ್ ಹೆಚ್ಚು ಬರುತ್ತದೆ.

ಆದ್ದರಿಂದ ತಾಯಿಯ ಗಾಬರಿಯೂ ಪೂರ್ತಿ ಸರಿಯಲ್ಲ, ಅಜ್ಜಿಯ ಸಮಾಧಾನವೂ ಪೂರ್ತಿ ಸರಿಯಲ್ಲ. ಒಂಬತ್ತನೆಯ ಪರ್ಸೆಂಟೈಲಿನ ಮಗು ಕುಂಠಿತವಲ್ಲ. ಆದರೆ ಕಳೆದ ವರ್ಷ ಅವಳು −0.8ರಲ್ಲಿದ್ದು ಈ ವರ್ಷ −1.35ಕ್ಕೆ ಇಳಿದಿದ್ದರೆ ವೈದ್ಯರಿಗೆ ತೋರಿಸಬೇಕು, ವರ್ಷದಿಂದ ವರ್ಷಕ್ಕೆ −1.35ರ ಆಸುಪಾಸಿನಲ್ಲೇ ಇದ್ದರೆ ನಿಶ್ಚಿಂತೆಯಿಂದಿರಬಹುದು. ಅಂಗನವಾಡಿಯಲ್ಲಿ ತೂಕ ಬರೆಸುವಾಗ ಎತ್ತರವನ್ನೂ ಅಳೆಸಿ, ಹುಟ್ಟಿದ ದಿನಾಂಕ ಸರಿಯಿದೆಯೇ ನೋಡಿ, ಹಿಂದಿನ ಅಂಕಿಯ ಪಕ್ಕದಲ್ಲೇ ಹೊಸದನ್ನು ಬರೆಸಿಕೊಳ್ಳಿ.